ಎಲ್ಲರ ತೋಟದಲ್ಲೂ ಇಳುವರಿ ಇಳಿದು, ಜಿಲ್ಲೆಯ ಸರಾಸರಿ ಮಾತ್ರ ಏರೋದು ಹೇಗೆ?

ಶಿವಮೊಗ್ಗ ಕಡೆ ಅಡಿಕೆ ಬಗ್ಗೆ ಈಗ ಕೆಲವು ವರ್ಷದಿಂದ ಎರಡು ಥರದ ಸುದ್ದಿ ಜೊತೆಜೊತೆಗೇ ಓಡಾಡ್ತಿವೆ. ಒಂದು, ತೀರ್ಥಹಳ್ಳಿ, ಹೊಸನಗರ, ಸಾಗರದ ತೋಟಗಳಲ್ಲಿ ಎಲೆಚುಕ್ಕಿ ರೋಗ ಹಬ್ಬಿ ಸೋಗೆ ಒಣಗ್ತಿದೆ, ಫಸಲು ಕೈಗೆ ಸಿಗ್ತಿಲ್ಲ ಅನ್ನೋದು. ಇನ್ನೊಂದು, ಅಡಿಕೆ ಬೆಳೆಯೋ ಪ್ರದೇಶ ಏರ್ತಾನೇ ಇದೆ, ಉತ್ಪಾದನೆನೂ ಏರ್ತಿದೆ ಅನ್ನೋದು. ಓದೋರಿಗೆ ಸಹಜವಾಗೇ ಗೊಂದಲ. ತೋಟದಲ್ಲಿ ಬೆಳೆನೇ ಇಲ್ಲ ಅಂತ ರೈತರು ಹೇಳೋದು ನಿಜನಾ, ಇಲ್ಲ ಅಂಕಿಅಂಶದ ಟೇಬಲ್ ಹೇಳೋದು ನಿಜನಾ? ಇಬ್ಬರಲ್ಲಿ ಒಬ್ರು ಸುಳ್ಳು ಹೇಳ್ತಿರಬೇಕು ಅಂತ ಅನ್ಸತ್ತೆ, ಕಾಮೆಂಟುಗಳಲ್ಲಿ ಜಗಳನೂ ಅದೇ ವಿಷಯಕ್ಕೆ.

ವಿಷಯ ಏನಂದ್ರೆ ಯಾರೂ ಸುಳ್ಳು ಹೇಳಬೇಕಾಗಿಲ್ಲ. ಘಟ್ಟದ ಕಡೆ ಎಕರೆವಾರು ಇಳುವರಿ ಇಳಿದು, ಬಯಲ ಕಡೆನೂ ಇಳಿದು, ಎರಡನ್ನೂ ಕೂಡಿಸಿದ ಜಿಲ್ಲೆಯ ಸರಾಸರಿ ಮಾತ್ರ ಏರಿರೋದು ಲೆಕ್ಕದಲ್ಲಿ ಪೂರ್ತಿ ಸಾಧ್ಯ. ಕೂಡಿಸೋದ್ರಲ್ಲಿ ತಪ್ಪಿಲ್ಲ, ಭಾಗಿಸೋದ್ರಲ್ಲಿ ತಪ್ಪಿಲ್ಲ, ಆದ್ರೂ ದಿಕ್ಕೇ ಉಲ್ಟಾ.

ಒಂದೇ ಜಿಲ್ಲೆ, ಎರಡು ಥರದ ತೋಟ

ಶಿವಮೊಗ್ಗ ಜಿಲ್ಲೆ ಅಂತ ಟೇಬಲ್‌ನಲ್ಲಿ ಒಂದೇ ಸಾಲು ಇರತ್ತೆ, ಆದ್ರೆ ಆ ಸಾಲಿನ ಒಳಗೆ ಎರಡು ಬೇರೆಬೇರೆ ಲೋಕ ಇದೆ. ಒಂದು ಘಟ್ಟದ ಕಡೆದು. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿ.ಮೀ. ದಾಟೋ ಮಳೆ, ಗುಡ್ಡದ ನಡುವಿನ ಕಣಿವೆಯಲ್ಲಿ ತಲೆಮಾರುಗಳ ಹಳೇ ತೋಟ, ಮೇಲೆ ಸೊಪ್ಪಿನಬೆಟ್ಟ. ಇಲ್ಲಿ ತೋಟ ವಿಸ್ತರಿಸೋಕೆ ಜಾಗ ಕಮ್ಮಿ, ಮಳೆಗಾಲದಲ್ಲಿ ಕೊಳೆ, ಅದರ ಮೇಲೆ ಈಗ ಎಲೆಚುಕ್ಕಿ. ಎರಡೂ ತೇವದಲ್ಲಿ ಹಬ್ಬೋ ರೋಗಗಳು, ಹಾಗಾಗಿ ಮಳೆ ಜಾಸ್ತಿ ಇರೋ ಕಡೆನೇ ಹೊಡೆತ ಜಾಸ್ತಿ.

ಇನ್ನೊಂದು ಭದ್ರಾವತಿ, ಶಿಕಾರಿಪುರ, ಶಿವಮೊಗ್ಗ ತಾಲೂಕಿನ ಬಯಲ ಕಡೆದು. ಇಲ್ಲಿ ಮಳೆ ಘಟ್ಟದ ಹತ್ತಿರಕ್ಕೂ ಬರಲ್ಲ, ಆದ್ರೆ ಚಾನೆಲ್ ನೀರಿದೆ, ಬೋರ್‌ವೆಲ್ ಇದೆ, ಬಿಸಿಲಿದೆ, ಮಟ್ಟವಾದ ಜಮೀನಿದೆ. ಭತ್ತ, ಕಬ್ಬು ಬೆಳೀತಿದ್ದ ಗದ್ದೆಗಳು ಒಂದರ ಹಿಂದೆ ಒಂದು ತೋಟ ಆಗಿರೋದು ಈ ಕಡೆ ರಸ್ತೆಯಲ್ಲಿ ಓಡಾಡೋ ಎಲ್ಲರ ಕಣ್ಣಿಗೂ ಬಿದ್ದಿದೆ. ಡ್ರಿಪ್ ಹಾಕಿ, ಗೊಬ್ಬರ ಕೊಟ್ಟು ಬೆಳೆಸಿದ ಈ ತೋಟಗಳಲ್ಲಿ ಎಕರೆಗೆ ಸಿಗೋ ಅಡಿಕೆ ಘಟ್ಟದ ಹಳೇ ತೋಟಕ್ಕಿಂತ ಸಾಮಾನ್ಯವಾಗಿ ಜಾಸ್ತಿ.

ಈ ಎರಡು ಸಂಗತಿ ನೆನಪಿಟ್ಕೊಳ್ಳಿ. ಬಯಲ ಕಡೆ ಎಕರೆವಾರು ಇಳುವರಿ ಮೊದಲಿಂದಲೂ ಜಾಸ್ತಿ, ಮತ್ತೆ ತೋಟ ಹೊಸದಾಗಿ ಏಳ್ತಿರೋದೂ ಹೆಚ್ಚಾಗಿ ಬಯಲ ಕಡೆನೇ. ಉಲ್ಟಾ ಆಗೋಕೆ ಇಷ್ಟು ಸಾಕು.

ಲೆಕ್ಕ ಹಾಕಿ ನೋಡೋಣ

ಕೆಳಗಿನ ಅಂಕಿಗಳು ಸರ್ಕಾರಿ ಅಂಕಿ ಅಲ್ಲ, ಲೆಕ್ಕ ಅರ್ಥ ಆಗ್ಲಿ ಅಂತ ಹಿಡ್ಕೊಂಡಿರೋ ಸಣ್ಣ ಅಂಕಿಗಳು. ಘಟ್ಟದ ಕಡೆ 800 ಎಕರೆ, ಬಯಲ ಕಡೆ 200 ಎಕರೆ ತೋಟ ಇತ್ತು ಅಂತ ಇಟ್ಕೊಳ್ಳಿ. ಹತ್ತು ವರ್ಷ ಆದ್ಮೇಲೆ ಘಟ್ಟದಲ್ಲಿ ಅದೇ 800, ಬಯಲಲ್ಲಿ 1,200. ಇಳುವರಿ ಅಂದ್ರೆ ಒಣ ಅಡಿಕೆ, ಎಕರೆಗೆ ಇಷ್ಟು ಕ್ವಿಂಟಾಲ್.

| | ಮೊದಲು | ಹತ್ತು ವರ್ಷದ ನಂತರ |
|---|---|---|
| ಘಟ್ಟ: ಎಕರೆ | 800 | 800 |
| ಘಟ್ಟ: ಎಕರೆಗೆ ಕ್ವಿಂಟಾಲ್ | 6 | 5 |
| ಬಯಲು: ಎಕರೆ | 200 | 1,200 |
| ಬಯಲು: ಎಕರೆಗೆ ಕ್ವಿಂಟಾಲ್ | 12 | 11 |
| ಒಟ್ಟು ಅಡಿಕೆ, ಕ್ವಿಂಟಾಲ್ | 7,200 | 17,200 |
| ಒಟ್ಟು ಸರಾಸರಿ | 7.2 | 8.6 |

ಘಟ್ಟದಲ್ಲಿ ಒಂದು ಕ್ವಿಂಟಾಲ್ ಇಳಿದಿದೆ, ಬಯಲಲ್ಲೂ ಒಂದು ಕ್ವಿಂಟಾಲ್ ಇಳಿದಿದೆ. ಇಡೀ ಟೇಬಲ್‌ನಲ್ಲಿ ಇಳುವರಿ ಏರಿರೋ ಒಂದೇ ಒಂದು ಕಡೆ ಇಲ್ಲ. ಆದ್ರೆ ಕೊನೇ ಸಾಲು 7.2 ರಿಂದ 8.6 ಕ್ಕೆ ಏರಿದೆ, ಮತ್ತೆ ಪೇಪರಿಗೆ ಹೋಗೋದು ಆ ಕೊನೇ ಸಾಲೇ.

ಒಂದು ಕ್ವಿಂಟಾಲ್ ಅಂದ್ರೆ ಎಷ್ಟು ಅಂತ ತೋಟದಲ್ಲಿ ನಿಂತು ನೋಡೋಣ. ಒಂಬತ್ತು ಅಡಿ ಅಂತರದಲ್ಲಿ ನೆಟ್ರೆ ಎಕರೆಗೆ ಸುಮಾರು 540 ಮರ. ಎಕರೆಗೆ ಒಂದು ಕ್ವಿಂಟಾಲ್ ಕಮ್ಮಿ ಅಂದ್ರೆ ಮರಕ್ಕೆ ಬರೀ 185 ಗ್ರಾಂ ಒಣ ಅಡಿಕೆ ಕಮ್ಮಿ. ಕೊನೆ ತೆಗೆಯೋನು ಮರದ ಮೇಲಿಂದ ನೋಡಿದ್ರೂ ಇದು ಥಟ್ ಅಂತ ಗೊತ್ತಾಗಲ್ಲ, ಆದ್ರೆ ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಹಾಕೋ ಹೊತ್ತಿಗೆ ಘಟ್ಟದ ಎರಡು ಎಕರೆಯವನಿಗೆ ಎರಡು ಕ್ವಿಂಟಾಲ್ ಕಮ್ಮಿ ಆಗಿರತ್ತೆ. ಅವನ ಲೆಕ್ಕಕ್ಕೆ ಅದು ಹನ್ನೆರಡರಲ್ಲಿ ಎರಡು, ಅಂದ್ರೆ ಆರನೇ ಒಂದು ಭಾಗದ ಆದಾಯ. ಅಂಥವನ ಮುಂದೆ ಹೋಗಿ ಸರಾಸರಿ ಏರಿದೆ ಅಂದ್ರೆ ಸಿಟ್ಟು ಬರೋದು ನ್ಯಾಯನೇ.

ಆ 1.4 ಕ್ವಿಂಟಾಲ್ ಎಲ್ಲಿಂದ ಬಂತು?

ಸರಾಸರಿ ಏರಿರೋದು 1.4. ಇದನ್ನ ಎರಡು ತುಂಡು ಮಾಡಬಹುದು, ಮಾಡೋದು ಕಷ್ಟನೂ ಅಲ್ಲ. ಮೊದಲು, ತೋಟದ ಪ್ರದೇಶ ಬದಲೇ ಆಗಿಲ್ಲ, ಹಳೇ 800 ಮತ್ತೆ 200 ಎಕರೆನೇ ಇದೆ ಅಂತ ಹಿಡಿದು ಹೊಸ ಇಳುವರಿ ಹಾಕಿ ನೋಡಿ. ಘಟ್ಟದಿಂದ 4,000, ಬಯಲಿಂದ 2,200, ಒಟ್ಟು 6,200 ಕ್ವಿಂಟಾಲ್, ಸಾವಿರ ಎಕರೆಗೆ ಭಾಗಿಸಿದ್ರೆ 6.2. ಅಂದ್ರೆ ತೋಟಗಳಲ್ಲಿ ನಿಜವಾಗಿ ಆಗಿರೋದು 7.2 ರಿಂದ 6.2 ಕ್ಕೆ ಇಳಿಕೆ, ಒಂದು ಕ್ವಿಂಟಾಲ್ ಮೈನಸ್. ಇನ್ನು 6.2 ರಿಂದ 8.6 ಕ್ಕೆ ಹೋಗಿರೋ 2.4 ಕ್ವಿಂಟಾಲ್ ಇದ್ಯಲ್ಲ, ಅದು ಯಾವ ಮರನೂ ಜಾಸ್ತಿ ಬಿಟ್ಟಿದ್ದಲ್ಲ, ಜಾಸ್ತಿ ಇಳುವರಿಯ ಜಾಗದಲ್ಲಿ ಜಾಸ್ತಿ ಎಕರೆ ಸೇರಿದ್ದು ಅಷ್ಟೇ. ಒಂದು ಹೋಯ್ತು, 2.4 ಬಂತು, ಉಳಿದದ್ದು 1.4.

ಮೊದಲು ಒಟ್ಟು ಸಾವಿರ ಎಕರೆಯಲ್ಲಿ ಬಯಲಿನ ಪಾಲು ಐದನೇ ಒಂದು ಭಾಗ, ಹಾಗಾಗಿ ಸರಾಸರಿ ಘಟ್ಟದ ಅಂಕಿಯ ಹತ್ತಿರ ಕೂತಿತ್ತು. ಈಗ ಬಯಲಿನ ಪಾಲು ಐದರಲ್ಲಿ ಮೂರು, ಸರಾಸರಿ ಎದ್ದು ಆ ಕಡೆಗೆ ಸರಿದಿದೆ. ತಕ್ಕಡಿಯ ಮುಳ್ಳು ಆ ಕಡೆ ವಾಲಿದ ಹಾಗೆ.

ಇದರಿಂದ ಒಂದು ಪರೀಕ್ಷೆ ಸಿಗತ್ತೆ. ಎರಡೂ ವರ್ಷ ಗುಂಪುಗಳ ಪಾಲು ಒಂದೇ ಇದ್ರೆ ಈ ಉಲ್ಟಾ ಆಗೋದು ಸಾಧ್ಯನೇ ಇಲ್ಲ, ಎಲ್ಲಾ ಗುಂಪು ಇಳಿದ್ರೆ ಸರಾಸರಿನೂ ಇಳಿಲೇಬೇಕು. ಅದೇ ಥರ ಗುಂಪುಗಳ ನಡುವೆ ಮೊದಲೇ ದೊಡ್ಡ ಅಂತರ ಇಲ್ಲದಿದ್ರೂ ಆಗಲ್ಲ. ಘಟ್ಟದಲ್ಲಿ 6 ಮತ್ತೆ ಬಯಲಲ್ಲಿ 6.5 ಇದ್ದಿದ್ರೆ ಎಷ್ಟು ಎಕರೆ ಸೇರಿದ್ರೂ ಒಂದು ಕ್ವಿಂಟಾಲ್ ಇಳಿಕೆಯನ್ನ ಮುಚ್ಚೋಕೆ ಆಗ್ತಿರಲಿಲ್ಲ. ಹಾಗಾಗಿ ಸರಾಸರಿ ಇಳುವರಿಯ ಸುದ್ದಿ ನೋಡಿದಾಗ ಮೊದಲು ಹುಡುಕಬೇಕಾದ್ದು ಇಳುವರಿಯ ಕಾಲಂ ಅಲ್ಲ, ತಾಲೂಕುವಾರು ಎಕರೆ ಅಥವಾ ಹೆಕ್ಟೇರಿನ ಕಾಲಂ. ಅದು ಕೊಟ್ಟಿಲ್ಲ ಅಂದ್ರೆ ಸರಾಸರಿ ಏರಿದ್ದಕ್ಕೆ ಕಾರಣ ಏನು ಅಂತ ಆ ಟೇಬಲ್ ನೋಡಿ ಯಾರೂ ಹೇಳೋಕಾಗಲ್ಲ, ಹೇಳಿದ್ರೆ ಅದು ಊಹೆ.

ಆಸ್ಪತ್ರೆಯ ಟೇಬಲ್‌ನಲ್ಲೂ ಇದೇ ಆಟ

ಸಂಖ್ಯಾಶಾಸ್ತ್ರದೋರಿಗೆ ಇದು ಹೊಸದಲ್ಲ. ಬ್ರಿಟನ್ನಿನ ಯೂಲ್ ಅನ್ನೋರು 1903 ರಲ್ಲೇ ಇದನ್ನ ಬರೆದಿದ್ರು, 1951 ರಲ್ಲಿ ಎಡ್ವರ್ಡ್ ಸಿಂಪ್ಸನ್ ಬರೆದ ಪ್ರಬಂಧದಿಂದಾಗಿ ಈಗ ಸಿಂಪ್ಸನ್ ವಿರೋಧಾಭಾಸ ಅಂತ ಕರೀತಾರೆ. ಅಡಿಕೆಯ ಲೆಕ್ಕ ನಾವು ಹಿಡ್ಕೊಂಡಿದ್ದು, ಆದ್ರೆ ನಿಜವಾದ ಅಂಕಿ ಬೇಕು ಅಂದ್ರೆ ಕಿಡ್ನಿ ಸ್ಟೋನ್ ಚಿಕಿತ್ಸೆ ಬಗ್ಗೆ 1986 ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನ ನೋಡಬೇಕು.

ಅದರಲ್ಲಿ ಹೊಟ್ಟೆ ಕೊಯ್ದು ಮಾಡೋ ಆಪರೇಷನ್ ಆದ 350 ಜನ, ಸಣ್ಣ ತೂತು ಮಾಡಿ ಕಲ್ಲು ತೆಗೆಯೋ ಹೊಸ ವಿಧಾನದ 350 ಜನ. ಆಪರೇಷನ್ ಸಫಲ ಆಗಿದ್ದು 273 ಜನಕ್ಕೆ, 78%. ತೂತಿನ ವಿಧಾನ 289 ಜನಕ್ಕೆ, 83%. ಇಷ್ಟೇ ನೋಡಿದೋರು ತೂತಿನ ವಿಧಾನನೇ ಮೇಲು ಅಂತಾರೆ. ಆದ್ರೆ ಕಲ್ಲಿನ ಗಾತ್ರ ನೋಡಿ ಬೇರೆ ಮಾಡಿದ್ರೆ, ಎರಡು ಸೆಂಟಿಮೀಟರಿಗಿಂತ ಸಣ್ಣ ಕಲ್ಲಿಗೆ ಆಪರೇಷನ್ 93%, ತೂತು 87%. ದೊಡ್ಡ ಕಲ್ಲಿಗೆ ಆಪರೇಷನ್ 73%, ತೂತು 69%. ಸಣ್ಣದರಲ್ಲೂ ಆಪರೇಷನ್ನೇ ಮುಂದೆ, ದೊಡ್ಡದರಲ್ಲೂ ಅದೇ ಮುಂದೆ, ಕೂಡಿಸಿದ್ರೆ ಮಾತ್ರ ಹಿಂದೆ.

ಕಾರಣ ಮತ್ತೆ ಪಾಲೇ. ಆಪರೇಷನ್ ಆದ 350 ರಲ್ಲಿ 263 ಜನ ದೊಡ್ಡ ಕಲ್ಲಿನೋರು, ತೂತಿನ ವಿಧಾನದಲ್ಲಿ ದೊಡ್ಡ ಕಲ್ಲಿನೋರು ಬರೀ 80. ಕಷ್ಟದ ಕೇಸುಗಳು ಒಂದು ಕಡೆ ರಾಶಿ ಬಿದ್ದಿದ್ವು. ದೊಡ್ಡ ಕಲ್ಲಿಗೆ ಯಾವ ವಿಧಾನ ಮಾಡಿದ್ರೂ ಸಫಲತೆ ಕಮ್ಮಿನೇ, ಹಾಗಾಗಿ ಆಪರೇಷನ್ನಿನ ಒಟ್ಟು ಸ್ಕೋರ್ ಬಿತ್ತು. ಊರಲ್ಲಿ ಸೀರಿಯಸ್ ಕೇಸೆಲ್ಲ ಕಳ್ಸೋದು ಒಂದೇ ದೊಡ್ಡಾಸ್ಪತ್ರೆಗೆ ಆದ್ರೆ ಅಲ್ಲೇ ಸಾವು ಜಾಸ್ತಿ ಕಾಣತ್ತಲ್ಲ, ಆ ಥರ.

ಹಾಗಾದ್ರೆ ಕೂಡಿಸಿದ್ದು ಸರಿನಾ, ಒಡೆದಿದ್ದು ಸರಿನಾ?

ವಾದ ಶುರು ಆಗೋದು ಇಲ್ಲೇ. ಒಂದು ಪಕ್ಷ ಹೇಳೋದು, ಜಿಲ್ಲೆ ಅಂದ್ರೆ ಜಿಲ್ಲೆ, ಒಟ್ಟು ಅಂಕಿ ನೋಡಿ, ತಾಲೂಕು ಹೋಬಳಿ ಅಂತ ಒಡೀತಾ ಹೋದ್ರೆ ಪ್ರತಿಯೊಬ್ಬನೂ ತನಗೆ ಬೇಕಾದ ತುಂಡು ಹಿಡ್ಕೊಂಡು ಬರ್ತಾನೆ. ಇನ್ನೊಂದು ಪಕ್ಷ ಹೇಳೋದು, ಒಟ್ಟು ಅಂಕಿನೇ ಮೋಸ, ಒಡೆದು ತೋರಿಸಿ. ಎರಡಕ್ಕೂ ಅರ್ಥ ಇದೆ, ಯಾಕಂದ್ರೆ ಇಬ್ಬರೂ ಕೇಳ್ತಿರೋ ಪ್ರಶ್ನೆ ಬೇರೆಬೇರೆ.

ಈ ವರ್ಷ ಮಂಡಿಗೆ ಎಷ್ಟು ಅಡಿಕೆ ಬರತ್ತೆ, ರೇಟು ಬೀಳತ್ತಾ ಅನ್ನೋದು ಪ್ರಶ್ನೆ ಆದ್ರೆ ಒಟ್ಟು ಅಂಕಿನೇ ಸರಿ. ನಮ್ಮ ಲೆಕ್ಕದಲ್ಲಿ 17,200 ಕ್ವಿಂಟಾಲ್ ನಿಜವಾಗೂ ಬಂದಿದೆ, ರಾಶಿ ಇಡಿ ಅನ್ನೋ ಥರದ ಅಡಿಕೆ ಕೊಳ್ಳೋ ವ್ಯಾಪಾರಿಗೆ ಅದು ಯಾವ ತಾಲೂಕಿನ ಮರದ್ದು ಅನ್ನೋದು ದೊಡ್ಡ ವಿಷಯ ಅಲ್ಲ. ಆದ್ರೆ ಎಲೆಚುಕ್ಕಿಯಿಂದ ತೋಟ ಸೊರಗಿದ್ಯಾ, ಪರಿಹಾರ ಕೊಡಬೇಕಾ, ಔಷಧಿಗೆ ಸಬ್ಸಿಡಿ ಯಾವ ಕಡೆ ಹೋಗಬೇಕು ಅನ್ನೋದು ಪ್ರಶ್ನೆ ಆದ್ರೆ 8.6 ಅನ್ನೋ ಅಂಕಿಗೆ ಅಲ್ಲಿ ಕೆಲಸನೇ ಇಲ್ಲ. ಶಿಕಾರಿಪುರದಲ್ಲಿ ಗದ್ದೆ ತೋಟ ಆಗಿದ್ದಕ್ಕೆ ಹೊಸನಗರದ ಮರದ ರೋಗ ವಾಸಿ ಆಗಲ್ಲ. ರೋಗ ಇಳುವರಿಗೆ ಏನು ಮಾಡ್ತು ಅಂತ ಕೇಳ್ತಿದ್ದೀವಿ ಅಂದ್ರೆ ಜಾಗವನ್ನ ಹಿಡಿದಿಟ್ಟು ಅದೇ ಜಾಗವನ್ನ ಅದೇ ಜಾಗದ ಜೊತೆ ಹೋಲಿಸಬೇಕು, ಅಂದ್ರೆ ಒಡೆದೇ ನೋಡಬೇಕು.

ಕಿಡ್ನಿ ಸ್ಟೋನಲ್ಲೂ ಹಂಗೇ. ಕಲ್ಲಿನ ಗಾತ್ರ ಚಿಕಿತ್ಸೆಗಿಂತ ಮೊದಲೇ ಇದ್ದಿದ್ದು, ಯಾವ ಚಿಕಿತ್ಸೆ ಅಂತ ತೀರ್ಮಾನ ಮಾಡೋದಕ್ಕೂ ಅದೇ ಕಾರಣ, ಫಲಿತಾಂಶಕ್ಕೂ ಅದೇ ಕಾರಣ. ಎರಡು ಕಡೆಗೂ ಕೈ ಚಾಚಿರೋ ಇಂಥ ಹಿಂದಿನ ಕಾರಣ ಇದ್ರೆ ಒಡೆದ ಟೇಬಲ್ ನಂಬಬೇಕು.

ಆದ್ರೆ ಒಡೆಯೋದೂ ಮೋಸ ಮಾಡತ್ತೆ

ಇಷ್ಟು ಓದಿದೋರಿಗೆ ಯಾವಾಗ್ಲೂ ಒಡೆದು ನೋಡೋದೇ ಜಾಣತನ ಅನ್ಸಬಹುದು. ಅಲ್ಲ. ಬೋರ್ಡೋ ಹೊಡೆಯೋದನ್ನೇ ತಗೊಳ್ಳಿ. ಮೈಲುತುತ್ತ, ಸುಣ್ಣ ಕಲಸಿ ಮಳೆ ಹಿಡಿಯೋ ಮುಂಚೆ ಕೊನೆಗೆ ಹೊಡೆಯೋದು ಯಾಕೆ? ಕೊಳೆ ಬರದೇ ಇರ್ಲಿ ಅಂತ. ಕೊಳೆ ಬರ್ದಿದ್ರೆ ಕಾಯಿ ಉದುರಲ್ಲ, ಇಳುವರಿ ಉಳಿಯತ್ತೆ.

ಈಗ ಒಬ್ರು ಸರ್ವೆ ಮಾಡ್ತಾರೆ ಅಂತಿಟ್ಕೊಳ್ಳಿ, ಇಲ್ಲೂ ಅಂಕಿ ಲೆಕ್ಕಕ್ಕೆ ಹಿಡ್ಕೊಂಡಿದ್ದು. ಔಷಧಿ ಹೊಡೆದ 100 ತೋಟದಲ್ಲಿ 80 ರಲ್ಲಿ ಕೊಳೆ ಕಮ್ಮಿ, 20 ರಲ್ಲಿ ಜಾಸ್ತಿ. ಹೊಡೆಯದ 100 ತೋಟದಲ್ಲಿ 30 ರಲ್ಲಿ ಕಮ್ಮಿ, 70 ರಲ್ಲಿ ಜಾಸ್ತಿ. ಕೊಳೆ ಕಮ್ಮಿ ಇದ್ದ ಗುಂಪಲ್ಲಿ ಹೊಡೆದೋರಿಗೆ ಎಕರೆಗೆ 9.5 ಕ್ವಿಂಟಾಲ್, ಹೊಡೆಯದೋರಿಗೆ 10. ಕೊಳೆ ಜಾಸ್ತಿ ಇದ್ದ ಗುಂಪಲ್ಲಿ ಹೊಡೆದೋರಿಗೆ 4.5, ಹೊಡೆಯದೋರಿಗೆ 5. ಎರಡೂ ಗುಂಪಲ್ಲಿ ಔಷಧಿ ಹೊಡೆದೋರೇ ಹಿಂದೆ! ಕೂಡಿಸಿದ್ರೆ ಹೊಡೆದೋರ ಸರಾಸರಿ 8.5, ಹೊಡೆಯದೋರದ್ದು 6.5.

ಇಲ್ಲಿ ಕೂಡಿಸಿದ್ದೇ ಸರಿ, ಒಡೆದಿದ್ದು ತಪ್ಪು. ಕೊಳೆ ಕಮ್ಮಿ ಆಗಿದ್ದೇ ಔಷಧಿಯಿಂದ. ಕೊಳೆ ಕಮ್ಮಿ ಇರೋರನ್ನ ಕೊಳೆ ಕಮ್ಮಿ ಇರೋರ ಜೊತೆನೇ ಹೋಲಿಸ್ತೀನಿ ಅಂದ ತಕ್ಷಣ ಔಷಧಿ ಮಾಡಿದ ಕೆಲಸವನ್ನೇ ಅಳಿಸಿ ಹಾಕಿದ ಹಾಗೆ ಆಯ್ತು. ಅದೂ ಅಲ್ದೆ, ಔಷಧಿನೇ ಹೊಡೀದೆ ಕೊಳೆನೂ ಬರದ ತೋಟ ಅಂದ್ರೆ ಅದು ಗಾಳಿ ಬೆಳಕು ಚೆನ್ನಾಗಿರೋ, ಬಸಿಗಾಲುವೆ ಸರಿ ಇರೋ ಒಳ್ಳೇ ಜಾಗ ಇರತ್ತೆ, ಔಷಧಿ ಹೊಡೆದ್ರೂ ಕೊಳೆ ಬಂದಿದ್ದು ಅಂದ್ರೆ ಅದು ಜೌಗು ಹಿಡಿದ ಕಣಿವೆ ಮೂಲೆ ಇರತ್ತೆ. ಅಂದ್ರೆ ಗುಂಪು ಮಾಡಿದಾಗ ನಮಗೆ ಗೊತ್ತಿಲ್ದೆ ಒಳ್ಳೇ ಜಾಗವನ್ನ ಕೆಟ್ಟ ಜಾಗದ ಜೊತೆ ಹೋಲಿಸ್ತಾ ಇದ್ದೀವಿ.

ವ್ಯತ್ಯಾಸ ಇರೋದು ಗುಂಪು ಮೊದಲಾ, ಕೆಲಸ ಮೊದಲಾ ಅನ್ನೋದ್ರಲ್ಲಿ. ಕಲ್ಲಿನ ಗಾತ್ರ ಚಿಕಿತ್ಸೆಗಿಂತ ಮೊದಲು, ತೋಟ ಘಟ್ಟದ್ದಾ ಬಯಲಿಂದಾ ಅನ್ನೋದು ರೋಗಕ್ಕಿಂತ ಮೊದಲು, ಅದಕ್ಕೇ ಒಡೀಬೇಕು. ಕೊಳೆ ಔಷಧಿ ಆದ್ಮೇಲೆ, ಅದಕ್ಕೇ ಒಡೀಬಾರದು. ಬೇಜಾರಿನ ವಿಷಯ ಏನಂದ್ರೆ ಇದು ಟೇಬಲ್‌ನ ಅಂಕಿಗಳಲ್ಲಿ ಎಲ್ಲೂ ಬರೆದಿರಲ್ಲ, ಎರಡೂ ಕಡೆ ಅಂಕಿಗಳ ಆಕಾರ ಒಂದೇ ಥರ ಕಾಣತ್ತೆ. ತೋಟದ ಕೆಲಸ ಗೊತ್ತಿದ್ದೋನು ಮಾತ್ರ ಹೇಳೋಕಾಗತ್ತೆ, ಬರೀ ಎಕ್ಸೆಲ್ ಗೊತ್ತಿದ್ರೆ ಸಾಲಲ್ಲ.

ಸಸಿ ತೋಟದ ತೊಡಕು

ಅಡಿಕೆ ಟೇಬಲ್‌ನಲ್ಲಿ ಇನ್ನೊಂದು ಬೇರೇನೇ ತೊಡಕಿದೆ. ಸಸಿ ನೆಟ್ಟು ಐದಾರು ವರ್ಷ ಆಗೋವರೆಗೂ ಫಸಲು ಬರಲ್ಲ. ಒಟ್ಟು ಅಡಿಕೆಯನ್ನ ಒಟ್ಟು ಎಕರೆಗೆ ಭಾಗಿಸ್ತಾರಾ, ಇಲ್ಲ ಫಲ ಬಿಡೋ ಎಕರೆಗೆ ಮಾತ್ರನಾ ಅನ್ನೋದ್ರ ಮೇಲೆ ಅಂಕಿ ತಲೆಕೆಳಗಾಗತ್ತೆ.

ನಮ್ಮ ಬಯಲಿನ 1,200 ಎಕರೆಯಲ್ಲಿ 500 ಎಕರೆ ಇನ್ನೂ ಸಸಿ ಅಂತಿಟ್ಕೊಳ್ಳಿ. ಫಲ ಬಿಡೋ 700 ಎಕರೆಯಿಂದ 7,700, ಘಟ್ಟದಿಂದ 4,000, ಒಟ್ಟು 11,700 ಕ್ವಿಂಟಾಲ್. ಫಲ ಬಿಡೋ 1,500 ಎಕರೆಗೆ ಭಾಗಿಸಿದ್ರೆ 7.8, ಮೊದಲಿನ 7.2 ಕ್ಕಿಂತ ಮೇಲೆ, ಇಳುವರಿ ಏರಿಕೆ. ಎಲ್ಲಾ 2,000 ಎಕರೆಗೆ ಭಾಗಿಸಿದ್ರೆ 5.85, ಇಳುವರಿ ಕುಸಿತ. ಅದೇ ಮರ, ಅದೇ ಅಡಿಕೆ, ಎರಡು ತದ್ವಿರುದ್ಧ ಹೆಡ್‌ಲೈನ್. ಕುಸಿತ ಅಂತ ಬರೆದೋರು ಎಲೆಚುಕ್ಕಿ ಕಡೆ ಕೈ ತೋರಿಸಬಹುದು, ಆದ್ರೆ 7.8 ಮತ್ತೆ 5.85 ರ ನಡುವಿನ ಅಂತರ ರೋಗದ್ದಲ್ಲ, ಇನ್ನೂ ಸೊಂಟದೆತ್ತರಕ್ಕೆ ನಿಂತಿರೋ ಸಸಿಗಳದ್ದು. ಹಾಗಾಗಿ ಎರಡು ವರ್ಷದ ಟೇಬಲ್ ಪಕ್ಕಪಕ್ಕ ಇಡೋ ಮುಂಚೆ ಅಡಿಟಿಪ್ಪಣಿಯಲ್ಲಿ ಪ್ರದೇಶ ಅಂದ್ರೆ ಯಾವ ಪ್ರದೇಶ ಅಂತ ನೋಡೋದು ಒಳ್ಳೇದು.

ಮುಂದೆ ಏನಾಗಬಹುದು

ತಕ್ಷಣದ ಪರಿಣಾಮ ಘಟ್ಟದ ರೈತರ ಮೇಲೆ. ಮಲೆನಾಡಲ್ಲಿ ಅಡಿಕೆಗಿರೋ ಹವಾಮಾನ ಆಧಾರಿತ ವಿಮೆ ಗ್ರಾಮ ಪಂಚಾಯ್ತಿ ಮಟ್ಟದ ಹವಾಮಾನದ ಅಂಕಿ ನೋಡೋದ್ರಿಂದ ಇಳುವರಿಯ ಸರಾಸರಿಗೂ ಅದಕ್ಕೂ ನೇರ ಸಂಬಂಧ ಇಲ್ಲ. ಆದ್ರೆ ರೋಗಕ್ಕೆ ವಿಶೇಷ ಪರಿಹಾರ ಕೇಳೋವಾಗ, ಸಂಶೋಧನೆಗೆ ದುಡ್ಡು ಕೇಳೋವಾಗ ಎದುರಿಗೆ ಬರೋದು ಜಿಲ್ಲೆಯ ಒಟ್ಟು ಸಾಲೇ. ಅದು ಏರ್ತಿದೆ ಅಂದ್ರೆ ಫೈಲ್ ನಿಧಾನ ಆಗತ್ತೆ. ಬಯಲ ಕಡೆಯೋರಿಗೂ ಇದರಿಂದ ಲಾಭ ಇಲ್ಲ, ಅವರ ತೋಟದಲ್ಲಿ 12 ಇದ್ದದ್ದು 11 ಆಗಿದ್ಯಲ್ಲ, ಅದನ್ನೂ ಅದೇ ಏರಿಕೆ ಮುಚ್ಚಿ ಹಾಕಿದೆ.

ಇದಕ್ಕಿಂತ ವಿಚಿತ್ರ ಆಗೋದು ಗದ್ದೆಗಳು ತೋಟ ಆಗೋದು ನಿಂತಾಗ. ನೀರು ಸಾಲಲ್ಲ ಅಂತನೋ, ರೇಟು ಬಿತ್ತು ಅಂತನೋ, ಒಂದಲ್ಲ ಒಂದು ದಿನ ಅದು ನಿಲ್ಲತ್ತೆ. ಅಲ್ಲಿಂದ ಮುಂದೆ ಪಾಲು ಬದಲಾಗಲ್ಲ, 800 ಮತ್ತೆ 1,200 ಹಾಗೇ ಉಳಿಯತ್ತೆ. ಘಟ್ಟದಲ್ಲಿ 5 ಇದ್ದದ್ದು 4.5, ಬಯಲಲ್ಲಿ 11 ಇದ್ದದ್ದು 10.5 ಆಯ್ತು ಅಂದ್ರೆ ಒಟ್ಟು 16,200 ಕ್ವಿಂಟಾಲ್, ಸರಾಸರಿ 8.6 ರಿಂದ 8.1. ಆಗ ಅಡಿಕೆ ಇಳುವರಿ ಕುಸಿಯೋಕೆ ಶುರು ಅಂತ ಹೆಡ್‌ಲೈನ್ ಬರತ್ತೆ, ಈ ವರ್ಷ ಏನಾಯ್ತು ಅಂತ ಕಾರಣ ಹುಡುಕ್ತಾರೆ, ಆ ವರ್ಷದ ಮಳೆಗೋ ಔಷಧಿಗೋ ಬೈತಾರೆ. ಅಷ್ಟೊತ್ತಿಗೆ ಘಟ್ಟದ ತೋಟದಲ್ಲಿ ಇಳಿಕೆ ಶುರುವಾಗಿ ಹತ್ತು ವರ್ಷ ದಾಟಿರತ್ತೆ.